ನವಿಲಿನ ಗರಿ: ಆರಿಸಿದ್ದು ಹೆಣ್ಣು

ಮುಂಗಾರಿನ ಮೋಡ ಕಟ್ಟಿತೆಂದರೆ ಕೊಂಡಜ್ಜಿ ಕೆರೆಯ ಪಕ್ಕದ ಗುಡ್ಡದ ಕಡೆ ಕಿವಿಗೊಡಿ. ಗಂಡು ನವಿಲು ಕೂಗಿ ಕರೆಯುವ ಕಾಲ ಅದು.

ಅದು ಬಿಚ್ಚಿ ನಿಲ್ಲುವ ಉದ್ದ ಗರಿಗಳು ಬಾಲವಲ್ಲ, ಬಾಲದ ಮೇಲಿನ ಹೊದಿಕೆಗರಿಗಳು. ನಿಜವಾದ ಗಿಡ್ಡ ಬಾಲ ಹಿಂದೆ ನಿಂತು ಅವನ್ನು ಎತ್ತಿ ಹಿಡಿಯುತ್ತದೆ.

ಇಷ್ಟು ಹೊರೆ ಯಾಕೆ? ಹೆಣ್ಣಿನ ಆಯ್ಕೆಯಿಂದ ಎಂದ ಡಾರ್ವಿನ್, 1871ರಲ್ಲಿ. ಮುಂದೆ ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿಯವರ ತಂಡ ಕೆಲವು ಗಂಡುಗಳ ಗರಿಯಿಂದ ತಲಾ 20 ಕಣ್ಣುಗಳನ್ನು ಕತ್ತರಿಸಿ ನೋಡಿತು. ಆ ಗಂಡುಗಳನ್ನು ಒಪ್ಪುವ ಹೆಣ್ಣುಗಳು ಕಡಿಮೆಯಾದವು.

ಆದರೆ ಜಪಾನಿನ ಏಳು ವರ್ಷಗಳ ಅಧ್ಯಯನಕ್ಕೆ ಕಣ್ಣುಗಳ ಎಣಿಕೆಗೂ ಆಯ್ಕೆಗೂ ನಂಟು ಕಾಣಲಿಲ್ಲ. ಹೆಣ್ಣು ಎಣಿಕೆಯೊಂದನ್ನೇ ನೋಡುವುದಿಲ್ಲವೇನೋ.

ಹೆಣ್ಣಿನ ಆಯ್ಕೆಯಿಂದ ಗರಿ ಬೆಳೆಯುವುದು ಹೇಗೆ? ಅಪ್ಪನ ಗರಿ ಮಗನಿಗೆ, ಅಮ್ಮನ ಮೆಚ್ಚುಗೆ ಮಗಳಿಗೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಗರಿ ಉದ್ದವಾಯಿತು ಎನ್ನುತ್ತದೆ ಒಂದು ವಿವರಣೆ.