ಬೆಳಕು ಎತ್ತಲಿಂದ ಬರಬೇಕು?

ಗಿಯೆರ್ಮೊ ದೆಲ್ ತೋರೊ 2006ರಲ್ಲಿ ತೆರೆಗೆ ತಂದ ‘ಪ್ಯಾನ್ಸ್ ಲ್ಯಾಬಿರಿಂತ್’ ಚಿತ್ರದಲ್ಲಿ ಎರಡು ಲೋಕಗಳಿವೆ. ಒಂದು, ಅಂತರ್ಯುದ್ಧ ಮುಗಿದ ಸ್ಪೇನಿನ ಸೈನಿಕ ಠಾಣೆ. ಇನ್ನೊಂದು, ಒಬ್ಬ ಹುಡುಗಿಗಷ್ಟೇ ಕಾಣುವ ಮಾಯಾಲೋಕ. ಠಾಣೆಗೆ ತಣ್ಣನೆಯ ನೀಲಿ ಛಾಯೆ, ನೇರ ಗೆರೆಗಳು. ಮಾಯಾಲೋಕಕ್ಕೆ ಹೊನ್ನು, ಕಡುಗೆಂಪು, ದುಂಡನೆಯ ಬಾಗುಗಳು. ನಾವೀಗ ಯಾವ ಲೋಕದಲ್ಲಿದ್ದೇವೆ ಎಂದು ಯಾವ ಪಾತ್ರವೂ ಹೇಳಬೇಕಿಲ್ಲ, ಕಣ್ಣಿಗೇ ತಿಳಿಯುತ್ತದೆ. ಅದರಲ್ಲಿ ಬರುವ ‘ಪೇಲ್ ಮ್ಯಾನ್’ ಎಂಬ ರಾಕ್ಷಸನ ಹಿಂದೆ, ಮಗನನ್ನು ತಿನ್ನುತ್ತಿರುವ ಸ್ಯಾಟರ್ನ್ ದೇವನನ್ನು ಗೋಯಾ ಬಿಡಿಸಿದ ಚಿತ್ರವಿದೆ. ದೆಲ್ ತೋರೊ ಗೋಯಾನ ಚಿತ್ರವನ್ನು ಇಡಿಯಾಗಿ ಎತ್ತಿಕೊಳ್ಳಲಿಲ್ಲ. ತಿನ್ನುವ ಆ ಭೀಕರ ಭಂಗಿಯನ್ನು ಮಾತ್ರ ಪಡೆದು, ರಾಕ್ಷಸನ ಮೈಯನ್ನು ತನ್ನದೇ ರೀತಿಯಲ್ಲಿ ಕಟ್ಟಿದ. ಆಕರ ಚಿತ್ರಗಳನ್ನು ಸೇರಿಸುವ ಕೆಲಸದ ಮರ್ಮ ಇದೇ: ಚಿತ್ರದಿಂದ ಏನನ್ನು ತೆಗೆದುಕೊಳ್ಳುತ್ತೇವೆ, ಏನನ್ನು ಬಿಡುತ್ತೇವೆ ಎಂದು ಮೊದಲೇ ತೀರ್ಮಾನಿಸುವುದು.

ಸಾಮಾಜಿಕ ಚಿತ್ರದಲ್ಲಿ ಅಡುಗೆಮನೆ ಹೇಗಿರಬೇಕೆಂದು ಸಂದೇಹ ಬಂದರೆ ಒಂದು ಅಡುಗೆಮನೆಗೆ ಹೋಗಿ ನೋಡಬಹುದು. ಫ್ಯಾಂಟಸಿಯಲ್ಲಿ ಹೋಗಿ ನೋಡಲು ಜಾಗವೇ ಇಲ್ಲ. ‘ಮಾಯಾಲೋಕ’ ಎಂದು ಚಿತ್ರಕಥೆಯಲ್ಲಿ ಬರೆದರೆ ಛಾಯಾಗ್ರಾಹಕರ ಕಣ್ಣಿಗೆ ಒಂದು ಲೋಕ, ವಸ್ತ್ರವಿನ್ಯಾಸಕಿಗೆ ಇನ್ನೊಂದು, ಸೆಟ್ ಕಟ್ಟುವವರಿಗೆ ಮತ್ತೊಂದು. ಕಿರುಚಿತ್ರಕ್ಕೆ ಸಿಗುವುದು ಮೂರೋ ನಾಲ್ಕೋ ದಿನಗಳ ಚಿತ್ರೀಕರಣ. ಅಲ್ಲಿ ನಿಂತು ಚರ್ಚಿಸಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಮೊದಲು ಆಕರ ಸಂಗ್ರಹ, ಆಮೇಲೆ ಅದರಿಂದ ಹೆಕ್ಕಿದ ಮೂಡ್ ಬೋರ್ಡ್. ಸಂಗ್ರಹ ಎಷ್ಟು ದೊಡ್ಡದಾದರೂ ನಡೆಯುತ್ತದೆ, ಬೋರ್ಡ್ ಮಾತ್ರ ಚಿಕ್ಕದಿರಬೇಕು.

ಒಂದು ಕಥೆಯನ್ನೇ ಹಿಡಿದು ನೋಡೋಣ. ಹನ್ನೆರಡು ನಿಮಿಷದ ಚಿತ್ರ. ಚಿತ್ರದುರ್ಗದ ಕಡೆಯ ಒಂದು ಊರು, ಕಡು ಬೇಸಿಗೆ. ತೊಗಲು ಗೊಂಬೆ ಆಡಿಸುತ್ತಿದ್ದ ತಾತ ತೀರಿಕೊಂಡಿದ್ದಾನೆ. ಮೊಮ್ಮಗಳು ಗೊಂಬೆಯ ಪೆಟ್ಟಿಗೆ ತೆರೆದು, ಪರದೆ ಕಟ್ಟಿ, ದೀಪ ಹಚ್ಚಿ, ಪರದೆಯ ಆಚೆಗೆ ನಡೆದುಬಿಡುತ್ತಾಳೆ. ಆಚೆಗಿನ ಲೋಕ ಹೇಗಿರಬೇಕು?

ಇಲ್ಲಿ ಹಲವರು ಮಾಡುವುದು, ಪಿಂಟರೆಸ್ಟ್ ತೆರೆದು ‘ಫ್ಯಾಂಟಸಿ’ ಎಂದು ಹುಡುಕುವುದು. ನೀಲಿ ಮಂಜು, ಹೊಳೆಯುವ ಅಣಬೆ, ಬಳ್ಳಿ ಸುತ್ತಿದ ಕಮಾನುಗಳು ಬರುತ್ತವೆ. ಒಂದನ್ನು ಒತ್ತಿದರೆ ಅದರಂಥವೇ ಇನ್ನಷ್ಟು. ಗಂಟೆಯೊಳಗೆ ಚೆಂದದ ಚಿತ್ರಗಳ ರಾಶಿ ಬೀಳುತ್ತದೆ, ಆದರೆ ಅವುಗಳಲ್ಲಿ ಒಂದೂ ಈ ಹುಡುಗಿಯದಲ್ಲ. ಬೇರೆಯವರ ಸಿನಿಮಾಗಳಿಂದ ಮಾತ್ರ ಆಯ್ದರೆ ಇನ್ನೊಬ್ಬರ ತೀರ್ಮಾನಗಳನ್ನು ನಕಲು ಮಾಡಿದಂತೆ. ಹುಡುಕಾಟ ಕಥೆಯೊಳಗಿನ ವಸ್ತುವಿನಿಂದಲೇ ಶುರುವಾಗಬೇಕು. ಇಲ್ಲಿ ಆ ವಸ್ತು ತೊಗಲು ಗೊಂಬೆ. ರಾಮನಗರದ ಜಾನಪದ ಲೋಕದಲ್ಲಿ ನೋಡಲು ಸಿಗುತ್ತದೆ. ಗೊಂಬೆ ಆಡಿಸುವ ಮನೆತನದವರು ಒಪ್ಪಿದರೆ, ಸಲ್ಲಬೇಕಾದ್ದನ್ನು ಸಲ್ಲಿಸಿ, ಅವರ ಮನೆಯಲ್ಲೇ ನೋಡುವುದು ಇನ್ನೂ ಮೇಲು. ಅವರಿಗೆ ಅದು ಪೂಜೆಗೊಳ್ಳುವ ವಸ್ತು, ನಮ್ಮ ಅಲಂಕಾರದ ಸಾಮಗ್ರಿಯಲ್ಲ.

ಒಂದೇ ಗೊಂಬೆಯ ಎರಡು ಫೋಟೊ ತೆಗೆಯಬೇಕು. ಬೆಳಕು ಮುಂದಿನಿಂದ ಬಿದ್ದಾಗ ಅದು ಕಂದಿದ ತೊಗಲು, ಅಷ್ಟೆ. ಅದೇ ಗೊಂಬೆಯ ಹಿಂದೆ ದೀಪ ಇಟ್ಟರೆ ಹದಮಾಡಿ ತೆಳುಮಾಡಿದ ಚರ್ಮದ ಮೂಲಕ ಬೆಳಕು ಹಾಯ್ದು ಕೆಂಪು, ಹಸಿರು ಉರಿದೇಳುತ್ತವೆ. ಒಡವೆಗಳ ಜಾಗದಲ್ಲಿ ಕೊರೆದ ಸಣ್ಣ ತೂತುಗಳು ಬೆಳಕಿನ ಚುಕ್ಕಿಗಳಾಗುತ್ತವೆ. ಈ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟಾಗ ಇಡೀ ಚಿತ್ರದ ನಿಯಮ ಸಿಕ್ಕಿಬಿಡುತ್ತದೆ: ಈಚೆಗಿನ ಲೋಕದಲ್ಲಿ ಬೆಳಕು ವಸ್ತುಗಳ ಮೇಲೆ ಬಿದ್ದು ನಿಲ್ಲುತ್ತದೆ, ಆಚೆಗಿನ ಲೋಕದಲ್ಲಿ ವಸ್ತುಗಳ ಮೂಲಕ ಹಾದು ಬರುತ್ತದೆ.

ಇಂಥ ಒಂದು ವಾಕ್ಯ ಕೈಗೆ ಬಂದ ಮೇಲೆ ಸಂಗ್ರಹಕ್ಕೆ ದಿಕ್ಕು ಬರುತ್ತದೆ. ಈಚೆಗಿನ ಲೋಕಕ್ಕೆ ನಡುಹಗಲಿನ ಬಿಸಿಲು, ಮಣ್ಣಿನ ಗೋಡೆ, ಬಂಡೆ, ಒರಟು ಕಂಬಳಿ. ಆಚೆಗಿನದಕ್ಕೆ ನವೆದ ಹತ್ತಿ ಸೀರೆ, ಬಟರ್ ಪೇಪರ್, ನರ ಮಾತ್ರ ಉಳಿದ ಅರಳಿ ಎಲೆ, ಬಿಸಿಲಿಗೆ ಹಿಡಿದಾಗ ಕೆಂಪಾಗುವ ಮಗುವಿನ ಕಿವಿ. ಇವುಗಳಲ್ಲಿ ಹೆಚ್ಚಿನವನ್ನು ನಾವೇ ಫೋಟೊ ತೆಗೆಯಬಹುದು. ತೆಗೆಯುವಾಗ ಹೊತ್ತು ಎಷ್ಟು, ಬೆಳಕು ಯಾವ ಕಡೆಯಿಂದ ಎಂಬುದನ್ನು ಬರೆದಿಟ್ಟುಕೊಂಡರೆ ಚಿತ್ರೀಕರಣದ ದಿನ ಅದೇ ಬೆಳಕನ್ನು ಮತ್ತೆ ಹಿಡಿಯಲು ಆಗುತ್ತದೆ.

ಫೋಲ್ಡರ್‌ಗಳನ್ನು ಸಿನಿಮಾಗಳ ಹೆಸರಿನಲ್ಲಿ ಮಾಡಬಾರದು. ಬೆಳಕು, ಬಣ್ಣ, ಬಟ್ಟೆ, ಮೇಲ್ಮೈ, ಆಕಾರ ಎಂದು ವಿಂಗಡಿಸಿ, ದೃಶ್ಯದ ಸಂಖ್ಯೆಯನ್ನು ಫೈಲಿನ ಹೆಸರಿನಲ್ಲೇ ಸೇರಿಸಬೇಕು. `04_belaku_arali_ele.jpg` ಎಂದಿದ್ದರೆ ನಾಲ್ಕನೇ ದೃಶ್ಯದ ಬೆಳಕಿಗಾಗಿ ಇಟ್ಟ ಅರಳಿ ಎಲೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬೇರೆಯವರ ಚಿತ್ರವಾದರೆ ಎಲ್ಲಿಂದ ಬಂತೆಂದು ಬರೆದಿಡಬೇಕು. ಅಂಥವು ತಂಡದೊಳಗಿನ ಮಾತುಕತೆಗೆ ಮಾತ್ರ. ಪೋಸ್ಟರಿಗೂ ಬಳಸುವ ಹಾಗಿಲ್ಲ, ಸೆಟ್ಟಿನ ಗೋಡೆಗೂ ಅಂಟಿಸುವ ಹಾಗಿಲ್ಲ.

ಸಂಗ್ರಹದಲ್ಲಿ ಇನ್ನೂರು ಚಿತ್ರಗಳಿದ್ದರೂ ಬೋರ್ಡಿಗೆ ಇಪ್ಪತ್ತು ಬಂದರೆ ಸಾಕು. ಪ್ಯೂರ್‌ರೆಫ್‌ನಂಥ ತಂತ್ರಾಂಶದಲ್ಲಿ ಎಲ್ಲವನ್ನೂ ಒಂದೇ ಪರದೆಯ ಮೇಲೆ ಹರಡಿ ಆಯಬಹುದು. ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಕಡ್ಡಾಯ: ಇದರಿಂದ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು. ಗೊಂಬೆಯ ಚಿತ್ರದ ಕೆಳಗೆ ‘ಹಿಂದಿನಿಂದ ಬರುವ ಬೆಳಕು, ತೂತಿನ ಚುಕ್ಕಿಗಳು ಬೇಕು, ಕಿರೀಟ, ಆಯುಧ ಬೇಡ’ ಎಂದು ಬರೆಯದಿದ್ದರೆ ವಸ್ತ್ರವಿನ್ಯಾಸಕಿ ಹುಡುಗಿಗೆ ಕಿರೀಟ ತೊಡಿಸಿಯಾರು. ಅದು ಅವರ ತಪ್ಪಲ್ಲ.

ಬೋರ್ಡ್ ಕೂಡಿ ಬಂದಿದೆಯೇ ಎಂದು ತಿಳಿಯಲು ಎಲ್ಲ ಚಿತ್ರಗಳನ್ನೂ ಉಗುರಿನಷ್ಟು ಚಿಕ್ಕದಾಗಿಸಿ, ಬಣ್ಣ ತೆಗೆದು, ಕಪ್ಪು ಬಿಳುಪಿನಲ್ಲಿ ನೋಡಬೇಕು. ವಸ್ತುಗಳ ಗುರುತು ಅಳಿದು ಬೆಳಕು ನೆರಳಿನ ಹಂಚಿಕೆಯಷ್ಟೇ ಉಳಿಯುತ್ತದೆ. ನಮ್ಮ ಕಥೆಯಲ್ಲಿ ಆಚೆಗಿನ ಲೋಕದ ಚಿತ್ರಗಳಿಗೆಲ್ಲ ಕಪ್ಪು ಅಂಚು, ಬೆಳಗುವ ನಡುಭಾಗ ಇರಬೇಕು. ಯಾವುದೋ ಒಂದು ಇಡಿಯಾಗಿ ಬೂದುಬಣ್ಣದಲ್ಲಿ ನಿಂತರೆ, ಅದೆಷ್ಟೇ ಚೆಂದವಿರಲಿ, ಈ ಚಿತ್ರದ್ದಲ್ಲ. ಬಿಡಲು ಮನಸ್ಸು ಬಾರದಂಥ ಚಿತ್ರಗಳೇ ಬೋರ್ಡನ್ನು ಕೆಡಿಸುವುದು ಹೆಚ್ಚು.

ಇಷ್ಟಾದರೂ ಶೈಲಿ ಗಟ್ಟಿಯಾಯಿತು ಎನ್ನುವಂತಿಲ್ಲ. ಒಂದೇ ಕೆಂಪು ಒಬ್ಬರ ಫೋನಿನಲ್ಲಿ ಕುಂಕುಮ, ಇನ್ನೊಬ್ಬರದರಲ್ಲಿ ಇಟ್ಟಿಗೆ. ಹಾಗಾಗಿ ನಿಜವಾದ ಬಟ್ಟೆಯ ತುಂಡನ್ನೇ ಬೋರ್ಡಿಗೆ ಅಂಟಿಸಬೇಕು. ಆಮೇಲೆ ಒಂದು ಸಂಜೆ ಅದೇ ಬಟ್ಟೆ, ಅದೇ ದೀಪ, ಅದೇ ಕ್ಯಾಮೆರಾ ಇಟ್ಟು ಒಂದೇ ಒಂದು ಫ್ರೇಮ್ ತೆಗೆಯಬೇಕು. ಎಣ್ಣೆದೀಪದ ಬೆಳಕು ಸುಮಾರು 1,900 ಕೆಲ್ವಿನ್, ತುಂಬ ಕೆಂಪುಹಳದಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಅದು ಆ ಹಳದಿಯನ್ನು ತಾನಾಗಿಯೇ ತಗ್ಗಿಸುತ್ತದೆ, ಹೋದಷ್ಟೂ ಶಾಟಿನಿಂದ ಶಾಟಿಗೆ ಬಣ್ಣ ಬದಲಾಗುತ್ತದೆ. 3,200ಕ್ಕೆ ಕಟ್ಟಿಹಾಕಿದರೆ ದೀಪದ ಬಿಸಿ ಉಳಿಯುತ್ತದೆ. ದೀಪದ ಬೆಳಕು ಸಾಲದೆಂದು ಹಿಂದೆ ಅಗ್ಗದ ಎಲ್‌ಇಡಿ ಇಟ್ಟರೆ ಇನ್ನೊಂದು ತೊಂದರೆ. ಅಂಥ ಬಲ್ಬುಗಳಲ್ಲಿ ಕೆಂಪಿನ ಅಂಶ ಕಡಿಮೆಯಿರುವುದರಿಂದ ಗೊಂಬೆಯ ಕೆಂಪು ಕಂದುಬಣ್ಣಕ್ಕೆ ತಿರುಗುತ್ತದೆ. ಹಳೆಯ ಹ್ಯಾಲೊಜೆನ್ ಬಲ್ಬು ಆ ಕೆಲಸಕ್ಕೆ ಒಳ್ಳೆಯದು, ಬಿಸಿಯಾಗುವುದರಿಂದ ತೊಗಲಿಗೂ ಪರದೆಗೂ ದೂರ ಇಡಬೇಕಷ್ಟೆ. ಇದನ್ನೆಲ್ಲ ಯಾವ ಬೋರ್ಡೂ ಹೇಳುವುದಿಲ್ಲ, ಪರೀಕ್ಷೆಯ ಆ ಫ್ರೇಮ್ ಹೇಳುತ್ತದೆ. ಅದು ಸರಿಬಂದರೆ ಬೋರ್ಡಿನ ನಟ್ಟನಡುವೆ ಅಂಟಿಸಬೇಕು, ಆಮೇಲೆ ಉಳಿದೆಲ್ಲ ಚಿತ್ರಗಳೂ ಅದಕ್ಕೆ ಅಧೀನ.

ಕೊನೆಯದಾಗಿ ತಂಡದ ಪರೀಕ್ಷೆ. ಮೂರು ಸೀರೆ ಅಥವಾ ಮೂರು ಲಾಟೀನು ಇಟ್ಟು, ಛಾಯಾಗ್ರಾಹಕರನ್ನೂ ಕಲಾನಿರ್ದೇಶಕರನ್ನೂ ಬೇರೆಬೇರೆಯಾಗಿ ಕರೆದು, ಆಚೆಗಿನ ಲೋಕಕ್ಕೆ ಯಾವುದು ಎಂದು ಕೇಳಬೇಕು. ಇಬ್ಬರೂ ಒಂದನ್ನೇ ತೋರಿಸಿದರೆ ಬೋರ್ಡಿನ ಮೇಲೆ ತಾರೀಕು ಹಾಕಿ, ಎ3 ಹಾಳೆಯಲ್ಲಿ ಮುದ್ರಿಸಿ ಎಲ್ಲರಿಗೂ ಕೊಡಬಹುದು. ಬೇರೆಬೇರೆ ತೋರಿಸಿದರೆ ಚಿತ್ರಗಳನ್ನು ಇನ್ನಷ್ಟು ಸೇರಿಸುವುದರಿಂದ ಪ್ರಯೋಜನವಿಲ್ಲ. ಆ ಒಂದು ವಾಕ್ಯದ ನಿಯಮವನ್ನು ತಿದ್ದಿ ಬರೆದು, ಅದಕ್ಕೆ ಒಗ್ಗದ ಚಿತ್ರಗಳನ್ನು ಕಿತ್ತು, ಮತ್ತೆ ಕೇಳಬೇಕು.