ಪ್ರಸ್ತಾಪ ಮತ್ತು ಪ್ರಸ್ತಾಪಕ್ಕೆ ಆಹ್ವಾನ

ಪ್ರಸ್ತಾಪಕ್ಕೆ ಆಹ್ವಾನ ಎಂಬುದು ಕರಾರು ಕಾನೂನಿನ ಒಂದು ಪರಿಕಲ್ಪನೆ. ವ್ಯವಹಾರಕ್ಕೆ ಸಿದ್ಧನಿರುವುದಾಗಿ ತಿಳಿಸಿ, ಪ್ರಸ್ತಾಪವನ್ನು ಮುಂದಿಡುವಂತೆ ಇತರರನ್ನು ಕರೆಯುವುದೇ ಆಹ್ವಾನ. ಪ್ರಸ್ತಾಪವನ್ನು ಎದುರಿನವರು ಅಂಗೀಕರಿಸಿದರೆ ಇಬ್ಬರ ನಡುವೆ ಒಪ್ಪಂದ ಏರ್ಪಡುತ್ತದೆ. ಆದರೆ ಆಹ್ವಾನಕ್ಕೆ ಒಪ್ಪಿಗೆ ಸೂಚಿಸಿದರೆ ಒಪ್ಪಂದವಾಗುವುದಿಲ್ಲ; ಆ ಒಪ್ಪಿಗೆಯೇ ಒಂದು ಪ್ರಸ್ತಾಪವಾಗುತ್ತದೆ, ಅದನ್ನು ಅಂಗೀಕರಿಸುವ ಅಥವಾ ನಿರಾಕರಿಸುವ ಹಕ್ಕು ಆಹ್ವಾನಿಸಿದವರಿಗೆ ಉಳಿಯುತ್ತದೆ. ಅಂಗಡಿಯ ಪ್ರದರ್ಶನ ಮತ್ತು ಜಾಹೀರಾತುಗಳ ಸಂದರ್ಭದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಕಾನೂನಿನ ಆಧಾರ

ಭಾರತೀಯ ಕರಾರು ಅಧಿನಿಯಮ, 1872ರ 2(ಎ) ಪ್ರಕರಣದಂತೆ, ಇನ್ನೊಬ್ಬರ ಸಮ್ಮತಿಯನ್ನು ಪಡೆಯುವ ಉದ್ದೇಶದಿಂದ ಒಂದು ಕಾರ್ಯವನ್ನು ಮಾಡಲು ಅಥವಾ ಮಾಡದಿರಲು ತನಗಿರುವ ಇಚ್ಛೆಯನ್ನು ತಿಳಿಸುವುದೇ ಪ್ರಸ್ತಾಪ. ಆಹ್ವಾನವನ್ನು ಈ ಅಧಿನಿಯಮ ಪ್ರತ್ಯೇಕವಾಗಿ ವ್ಯಾಖ್ಯಾನಿಸಿಲ್ಲ. ಆದ್ದರಿಂದ ವ್ಯತ್ಯಾಸವನ್ನು ತಿಳಿಯಲು ನ್ಯಾಯಾಲಯಗಳ ತೀರ್ಪುಗಳು ಮುಖ್ಯವಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವು.

ಅಂಗಡಿಯ ಪ್ರದರ್ಶನ

ಬೆಲೆ ಬರೆದು ವಸ್ತುವನ್ನು ಪ್ರದರ್ಶನಕ್ಕೆ ಇಡುವುದು ಸಾಮಾನ್ಯವಾಗಿ ಆಹ್ವಾನ ಮಾತ್ರ. ಇಂಗ್ಲೆಂಡಿನ ಬೂಟ್ಸ್ ಔಷಧಿ ಅಂಗಡಿಯೊಂದರಲ್ಲಿ ಗ್ರಾಹಕರು ಕಪಾಟಿನಿಂದ ತಾವೇ ಔಷಧಿಯನ್ನು ತೆಗೆದುಕೊಂಡು ಹಣ ಪಾವತಿಸುವ ಕೌಂಟರಿಗೆ ಬರುವ ಪದ್ಧತಿ ಜಾರಿಯಾಯಿತು. ಕೆಲವು ಔಷಧಿಗಳ ಮಾರಾಟ ನೋಂದಾಯಿತ ಔಷಧಿಕಾರರ ಮೇಲ್ವಿಚಾರಣೆಯಲ್ಲೇ ನಡೆಯಬೇಕೆಂಬ ಕಾನೂನಿತ್ತು, ಮತ್ತು ಔಷಧಿಕಾರರು ಇರುತ್ತಿದ್ದುದು ಕೌಂಟರಿನ ಬಳಿ. ಗ್ರಾಹಕರು ವಸ್ತುವನ್ನು ಬುಟ್ಟಿಗೆ ಹಾಕಿದಾಗಲೇ ಮಾರಾಟ ಮುಗಿಯುತ್ತದೆಯಾದರೆ ಅಂಗಡಿ ಕಾನೂನನ್ನು ಮೀರಿದಂತಾಗುತ್ತಿತ್ತು.

1953ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಗ್ರಾಹಕರು ವಸ್ತುವನ್ನು ಕೌಂಟರಿಗೆ ತಂದಾಗ ಪ್ರಸ್ತಾಪವನ್ನು ಮಾಡುತ್ತಾರೆ, ಅಂಗಡಿಯವರು ಹಣ ಸ್ವೀಕರಿಸಿದಾಗ ಅದು ಅಂಗೀಕಾರವಾಗುತ್ತದೆ. ಪ್ರದರ್ಶನವೇ ಪ್ರಸ್ತಾಪವಾದರೆ, ಬುಟ್ಟಿಗೆ ಹಾಕಿದ ವಸ್ತುವನ್ನು ಮನಸ್ಸು ಬದಲಿಸಿ ಹಿಂದಿಡುವ ಸ್ವಾತಂತ್ರ್ಯ ಗ್ರಾಹಕರಿಗೆ ಇರುವುದಿಲ್ಲ ಎಂಬುದು ತೀರ್ಪಿನ ಹಿಂದಿನ ತರ್ಕ.

ಜಾಹೀರಾತು

ಜಾಹೀರಾತಿಗೂ ಸಾಮಾನ್ಯ ನಿಯಮ ಇದೇ. 1968ರ ಪಾರ್ಟ್ರಿಡ್ಜ್ ವಿರುದ್ಧ ಕ್ರಿಟೆಂಡೆನ್ ಪ್ರಕರಣದಲ್ಲಿ, ಪತ್ರಿಕೆಯಲ್ಲಿ ಬೆಲೆ ಸಹಿತ ಪ್ರಕಟವಾದ ಪಕ್ಷಿಗಳ ಜಾಹೀರಾತು ಮಾರಾಟದ ಪ್ರಸ್ತಾಪವಲ್ಲವೆಂದು ತೀರ್ಮಾನವಾಯಿತು. ಮಾರಾಟಗಾರರ ಬಳಿ ಇರುವ ದಾಸ್ತಾನು ಸೀಮಿತ. ಜಾಹೀರಾತನ್ನು ಪ್ರಸ್ತಾಪವೆಂದು ಪರಿಗಣಿಸಿದರೆ, ಪತ್ರ ಬರೆದ ಪ್ರತಿಯೊಬ್ಬರೊಂದಿಗೂ ಒಪ್ಪಂದವಾಗಿ, ಪೂರೈಸಲಾಗದ ಹೊಣೆ ಅವರ ಮೇಲೆ ಬೀಳುತ್ತದೆ.

ಆದರೆ ಎಲ್ಲ ಜಾಹೀರಾತುಗಳೂ ಆಹ್ವಾನಗಳಲ್ಲ. 1892ರಲ್ಲಿ ತೀರ್ಪಾದ ಕಾರ್ಲಿಲ್ ಪ್ರಕರಣದಲ್ಲಿ, ತನ್ನ ಔಷಧ ಸಾಧನವನ್ನು ಸೂಚನೆಯಂತೆ ಬಳಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುವುದಾಗಿ ಕಂಪನಿಯೊಂದು ಪ್ರಕಟಿಸಿತ್ತು. ಇದು ಕೇವಲ ಪ್ರಚಾರದ ಮಾತು ಎಂಬ ಅದರ ವಾದ ನಿಲ್ಲಲಿಲ್ಲ, ಏಕೆಂದರೆ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಬ್ಯಾಂಕಿನಲ್ಲಿ 1,000 ಪೌಂಡ್ ಠೇವಣಿ ಇಟ್ಟಿರುವುದಾಗಿ ಅದೇ ಜಾಹೀರಾತು ಹೇಳಿತ್ತು. ಷರತ್ತನ್ನು ಪೂರೈಸುವುದೇ ಅಂಗೀಕಾರವೆಂದು ನ್ಯಾಯಾಲಯ ತೀರ್ಮಾನಿಸಿತು.

ಉದಾಹರಣೆ

ಅಂಗಡಿಯೊಂದು 15,000 ರೂಪಾಯಿಯ ರೇಷ್ಮೆ ಸೀರೆಯ ಚೀಟಿಯಲ್ಲಿ ತಪ್ಪಾಗಿ 1,500 ಎಂದು ಬರೆದು ಗಾಜಿನ ಕಪಾಟಿನಲ್ಲಿ ಇಟ್ಟಿದೆ ಎಂದು ಭಾವಿಸಬಹುದು. ಗ್ರಾಹಕರೊಬ್ಬರು ಒಳಗೆ ಬಂದು 1,500 ರೂಪಾಯಿ ಮುಂದಿಡುತ್ತಾರೆ, ಅಂಗಡಿಯವರು ನಿರಾಕರಿಸುತ್ತಾರೆ. ಚೀಟಿ ಆಹ್ವಾನ, ಹಣ ಮುಂದಿಟ್ಟಿದ್ದು ಪ್ರಸ್ತಾಪ, ನಿರಾಕರಣೆಯಿಂದ ಅಂಗೀಕಾರವಾಗಿಲ್ಲ, ಹಾಗಾಗಿ ಒಪ್ಪಂದವಿಲ್ಲ.

ಅದೇ ಅಂಗಡಿ, "ಶನಿವಾರ ಬೆಳಿಗ್ಗೆ 9 ಗಂಟೆಗೆ ಮೊದಲು ಬರುವ ಒಬ್ಬರಿಗೆ ಈ ಸೀರೆ 1,500 ರೂಪಾಯಿಗೆ" ಎಂದು ಪತ್ರಿಕೆಯಲ್ಲಿ ಪ್ರಕಟಿಸಿದರೆ ಉತ್ತರ ಬದಲಾಗಬಹುದು. ವಸ್ತು, ಸಂಖ್ಯೆ, ಬೆಲೆ ಮತ್ತು ಪಡೆಯುವವರನ್ನು ಆರಿಸುವ ಕ್ರಮ ಎಲ್ಲವೂ ನಿಶ್ಚಿತವಾಗಿವೆ; ಮುಂದೆ ಮಾತುಕತೆಗೆ ಏನೂ ಉಳಿದಿಲ್ಲ. ದಾಸ್ತಾನು ಸಾಲದೆಂಬ ಕಾರಣವೂ ಇಲ್ಲಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1957ರ ಲೆಫ್ಕೋವಿಟ್ಜ್ ಪ್ರಕರಣದಲ್ಲಿ ಇಂಥ ಜಾಹೀರಾತನ್ನು ಪ್ರಸ್ತಾಪವೆಂದೇ ಪರಿಗಣಿಸಿತು. ಕೊಡುಗೆ ಮಹಿಳೆಯರಿಗೆ ಮಾತ್ರ ಎಂಬ, ಜಾಹೀರಾತಿನಲ್ಲಿ ಇಲ್ಲದ ನಿಯಮವನ್ನು ಅಂಗಡಿ ನಂತರ ಸೇರಿಸುವಂತಿಲ್ಲವೆಂದೂ ಹೇಳಿತು.

ಪರೀಕ್ಷಾ ಪ್ರಶ್ನೆಗಳಲ್ಲಿ "ಜಾಹೀರಾತು" ಎಂಬ ಪದ ಕಂಡೊಡನೆ ಆಹ್ವಾನವೆಂದು ಬರೆಯುವುದು ಸಾಮಾನ್ಯ ದೋಷ. ಎದುರಿನವರು ಒಪ್ಪಿದ ಕೂಡಲೇ ಬದ್ಧನಾಗುವ ಉದ್ದೇಶ ಆ ಮಾತುಗಳಿಂದ ವ್ಯಕ್ತವಾಗುತ್ತದೆಯೇ ಎಂಬುದೇ ನಿರ್ಣಾಯಕ ಪ್ರಶ್ನೆ.

ಮಿತಿ

ಒಪ್ಪಂದ ಏರ್ಪಟ್ಟಿಲ್ಲ ಎಂದಮಾತ್ರಕ್ಕೆ ಮಾರಾಟಗಾರರು ಎಲ್ಲ ಹೊಣೆಯಿಂದ ಮುಕ್ತರಾಗುವುದಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ, ಕೊಡುವ ಉದ್ದೇಶವೇ ಇಲ್ಲದ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ಪ್ರಕಟಿಸುವುದು ಅನುಚಿತ ವ್ಯಾಪಾರ ಪದ್ಧತಿ. ಮೇಲಿನ ಉದಾಹರಣೆಯಲ್ಲಿ ಚೀಟಿಯ ತಪ್ಪು ಅಚಾತುರ್ಯದಿಂದ ಆದದ್ದು. ಗ್ರಾಹಕರನ್ನು ಸೆಳೆಯಲು ಬೇಕೆಂದೇ ಸುಳ್ಳು ಬೆಲೆ ಪ್ರಕಟಿಸಿದ್ದರೆ, ಕರಾರು ಕಾನೂನಿನಲ್ಲಿ ದೊರೆಯದ ಪರಿಹಾರವನ್ನು ಗ್ರಾಹಕ ಆಯೋಗದಲ್ಲಿ ಕೋರಬಹುದು.