ನಿಮಗಿದು ಗೊತ್ತೇ? ನಕ್ಷೆಯ ಮೇಲಿನ ಚುಕ್ಕೆ ನಿಂತರೆ ಬಸ್ಸು ನಿಂತಂತಲ್ಲ

ತಂಗಿಯ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ರಜೆ ಸಿಕ್ಕಾಗ ರಾತ್ರಿ ಒಂಬತ್ತರ ಬಸ್ಸು ಹತ್ತಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು ದಾಟಿ ಕುಂದಾಪುರಕ್ಕೆ ಬರುತ್ತಾಳೆ. ಸೀಟಿನಲ್ಲಿ ಕೂತ ಕೂಡಲೇ ಅಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳುಹಿಸುವುದು ರೂಢಿ. ಕಳೆದ ಬಾರಿ ನಡುರಾತ್ರಿ ಎರಡಕ್ಕೆ ತಂಗಿ ನನಗೆ ಫೋನ್ ಮಾಡಿದಳು. "ಅಣ್ಣಾ, ಬಸ್ಸು ಘಾಟಿಯಲ್ಲಿ ನಿಂತು ಅರ್ಧ ಗಂಟೆ ಆಯ್ತು. ಅವಳಿಗೆ ಫೋನೂ ಹೋಗ್ತಿಲ್ಲ." ಬಸ್ಸು ಎಲ್ಲಿಯೂ ನಿಂತಿರಲಿಲ್ಲ, ಹುಡುಗಿ ಹಾಯಾಗಿ ನಿದ್ದೆ ಮಾಡುತ್ತಿದ್ದಳು. ನಿಂತದ್ದು ಚುಕ್ಕೆ ಮಾತ್ರ. ಅದು ಏಕೆ ನಿಂತಿತು ಎಂಬುದನ್ನು ಬಿಡಿಸುತ್ತಾ ಹೋದರೆ ಈ ಸೌಲಭ್ಯದ ಬಹುಪಾಲು ಗುಟ್ಟು ತಿಳಿಯುತ್ತದೆ.

ಉಪಗ್ರಹಕ್ಕೆ ನಿಮ್ಮ ಪರಿಚಯವೇ ಇಲ್ಲ, ಗೊತ್ತೇ?

ಆಕಾಶದಿಂದ ಉಪಗ್ರಹ ನಮ್ಮನ್ನು ನೋಡುತ್ತಿದೆ ಎಂದು ಬಹಳ ಜನ ನಂಬಿದ್ದಾರೆ. ಜಿಪಿಎಸ್ ಉಪಗ್ರಹ ಯಾರನ್ನೂ ನೋಡುವುದಿಲ್ಲ, ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂಬುದನ್ನು ರೇಡಿಯೋದಂತೆ ಬಿತ್ತರಿಸುವುದಷ್ಟೇ ಅದರ ಕೆಲಸ. ಆ ಸಂಕೇತ ನೆಲ ಮುಟ್ಟಲು ಒಂದು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹೊತ್ತು ಸಾಕು. ಎಷ್ಟು ತಡವಾಗಿ ಬಂತು ಎಂಬುದರಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಫೋನು ಲೆಕ್ಕ ಹಾಕುತ್ತದೆ. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ತಾನಿರುವ ಜಾಗ ಗೊತ್ತಾಗುತ್ತದೆ. ಮೂರು ಸಾಲದೇ ಎಂದು ಕೇಳಬಹುದು. ಫೋನಿನ ಗಡಿಯಾರ ಅಷ್ಟು ನಿಖರವಲ್ಲ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ಕಳೆಯಲು ನಾಲ್ಕನೆಯದು ಬೇಕು.

ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯನ್ನೂ ಈಗ ಹಲವು ಫೋನುಗಳು ಬಳಸುತ್ತವೆ. ಇಸ್ರೋ ತನ್ನ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರ ಹಾಸನದಲ್ಲಿದೆ, ನಾವಿಕ್‌ನ ಸಂಚರಣೆ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಹುಡುಗಿಯ ಬಸ್ಸು ಹಾಸನದ ಮೇಲೆಯೇ ಹಾದು ಬರುತ್ತದೆ ಎಂದು ಹೇಳಿದಾಗ ತಂಗಿಗೆ ಭಾರಿ ಅಚ್ಚರಿಯಾಯಿತು.

ಫೋನಿಗೆ ಗೊತ್ತಿದ್ದರೂ ಅಮ್ಮನಿಗೆ ಗೊತ್ತಾಗದಿರಬಹುದು

ತಾನಿರುವ ಜಾಗವನ್ನು ತಿಳಿಯುವುದು ಒಂದು ಕೆಲಸ, ಅದನ್ನು ಇನ್ನೊಬ್ಬರಿಗೆ ತಲುಪಿಸುವುದು ಬೇರೆಯೇ ಕೆಲಸ. ಮೊದಲನೆಯದು ಮೊಬೈಲ್ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಹೆಚ್ಚಿನ ಫೋನುಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ಜಿಪಿಎಸ್ ಕೆಲಸ ಮಾಡುತ್ತಲೇ ಇರುತ್ತದೆ. ಎರಡನೆಯದಕ್ಕೆ ಇಂಟರ್ನೆಟ್ ಬೇಕೇ ಬೇಕು. ಶಿರಾಡಿಯ ಕಾಡಿನ ನಡುವೆ ಟವರ್ ಸಿಗದ ಕಡೆ ಹುಡುಗಿಯ ಫೋನಿಗೆ ತಾನೆಲ್ಲಿದ್ದೇನೆಂದು ತಿಳಿದೇ ಇತ್ತು. ಆದರೆ ಆ ಸುದ್ದಿ ಹೊರಗೆ ಹೋಗಲು ದಾರಿ ಇರಲಿಲ್ಲ. ಹಾಗಾಗಿ ಅಮ್ಮನ ಪರದೆಯಲ್ಲಿ ಸಕಲೇಶಪುರ ದಾಟಿದ ಮೇಲಿನ ಕೊನೆಯ ಸುದ್ದಿಯೇ ಉಳಿದುಕೊಂಡಿತು. ಬಸ್ಸು ಘಾಟಿ ಇಳಿದು ಗುಂಡ್ಯ ದಾಟಿ ನೆಟ್‌ವರ್ಕ್ ಹಿಡಿದಾಗ ಚುಕ್ಕೆ ಒಮ್ಮೆಲೇ ಹಾರಿ ಮುಂದಕ್ಕೆ ಹೋಯಿತು.

ಇದನ್ನು ಪತ್ತೆ ಹಚ್ಚುವುದು ಸುಲಭ. ಚುಕ್ಕೆಯನ್ನು ಮುಟ್ಟಿ, ಅಥವಾ ನಕ್ಷೆಯ ಕೆಳಗೆ ಹೆಸರಿನ ಪಕ್ಕ ನೋಡಿ. ಮಾಹಿತಿ ಎಷ್ಟು ನಿಮಿಷ ಹಳೆಯದು ಎಂದು ಅಲ್ಲಿ ಬರೆದಿರುತ್ತದೆ. 'ಈಗಷ್ಟೇ' ಎಂದಿದ್ದು ಚುಕ್ಕೆ ಕದಲದಿದ್ದರೆ ವಾಹನ ನಿಜಕ್ಕೂ ನಿಂತಿರಬಹುದು. '25 ನಿಮಿಷದ ಹಿಂದೆ' ಎಂದಿದ್ದರೆ ನೀವು ನೋಡುತ್ತಿರುವುದು 25 ನಿಮಿಷದ ಹಿಂದಿನ ಜಾಗ. ಆಗ ಗಾಬರಿಪಡುವ ಮೊದಲು ಆ ಜಾಗದಲ್ಲಿ ನೆಟ್‌ವರ್ಕ್ ಇರುತ್ತದೆಯೇ ಎಂದು ನೆನಪಿಸಿಕೊಳ್ಳಿ.

ಸುದ್ದಿ ನಿಲ್ಲಲು ಇನ್ನೊಂದು ಕಾರಣವೂ ಉಂಟು. ಬ್ಯಾಟರಿ ಉಳಿಸುವ ಮೋಡ್ ಹಾಕಿದರೆ ಕೆಲವು ಫೋನುಗಳು ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ಮುಲಾಜಿಲ್ಲದೆ ಮಲಗಿಸುತ್ತವೆ. ನೆಟ್‌ವರ್ಕ್ ಚೆನ್ನಾಗಿರುವ ಊರಿನಲ್ಲೂ ಚುಕ್ಕೆ ಪದೇ ಪದೇ ಹೆಪ್ಪುಗಟ್ಟುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಚುಕ್ಕೆ ಪಕ್ಕದ ಬೀದಿಗೆ ಹಾರುವುದೇಕೆ?

ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಸರಿಯಾಗಿರುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ದೂರದ ಲೆಕ್ಕ ತಪ್ಪುತ್ತದೆ. ಮನೆಯೊಳಗೆ ಉಪಗ್ರಹ ಸಿಗದಿದ್ದರೆ ಫೋನು ಸುತ್ತಲಿನ ವೈಫೈ ಮತ್ತು ಟವರ್‌ಗಳನ್ನು ನೋಡಿ ಅಂದಾಜು ಮಾಡುತ್ತದೆ. ಟವರ್ ಒಂದನ್ನೇ ನಂಬಿದರೆ ಹಳ್ಳಿಗಳಲ್ಲಿ ಕಿಲೋಮೀಟರುಗಟ್ಟಲೆ ಆಚೀಚೆ ಆಗಬಹುದು. ಚುಕ್ಕೆಯ ಸುತ್ತ ಕಾಣುವ ತೆಳು ಬಣ್ಣದ ವೃತ್ತ ಆ ಅನಿಶ್ಚಿತತೆಯನ್ನೇ ಹೇಳುತ್ತದೆ: ವೃತ್ತ ದೊಡ್ಡದಾದಷ್ಟೂ ಅಂದಾಜು ಸಡಿಲ.

ಬ್ಯಾಟರಿ ತಿನ್ನುವುದು ಜಿಪಿಎಸ್ ಒಂದೇ ಅಲ್ಲ

ಲೈವ್ ಲೊಕೇಶನ್ ಹಾಕಿದರೆ ಚಾರ್ಜ್ ಖಾಲಿಯಾಗುತ್ತದೆ ಎಂದು ಎಲ್ಲರೂ ಜಿಪಿಎಸ್ಸನ್ನು ಬೈಯುತ್ತಾರೆ. ಅದು ಬ್ಯಾಟರಿ ಬಳಸುವುದು ನಿಜ. ಆದರೆ ಪಟ್ಟಿಯಲ್ಲಿ ಅದರ ಜೊತೆಗೆ ಇನ್ನೂ ಮೂವರಿದ್ದಾರೆ.

ಮೊದಲನೆಯದು ಮೊಡೆಮ್. ಚಿಕ್ಕದೊಂದು ಸುದ್ದಿ ಕಳುಹಿಸಿದ ಮೇಲೂ ಅದು ತಕ್ಷಣ ಮಲಗುವುದಿಲ್ಲ, ಇನ್ನೇನಾದರೂ ಬರಬಹುದೆಂದು ಕೆಲವು ಸೆಕೆಂಡು ಎಚ್ಚರವಾಗಿಯೇ ಕಾಯುತ್ತದೆ. ಮತ್ತೆ ಮತ್ತೆ ಸುದ್ದಿ ಕಳುಹಿಸುತ್ತಿದ್ದರೆ ಅದಕ್ಕೆ ನಿದ್ದೆಯೇ ಇಲ್ಲ. ಎರಡನೆಯದು ಸಿಗ್ನಲ್. ಟವರ್ ಹತ್ತಿರವಿದ್ದರೆ ಫೋನು ಪಿಸುಗುಟ್ಟಿದರೂ ಸಾಕು. ದೂರವಿದ್ದರೆ ಕೂಗಬೇಕು, ಸಿಗದೇ ಹೋದರೆ ಹುಡುಕುತ್ತಲೇ ಇರಬೇಕು. ಘಾಟಿ ರಸ್ತೆಯಲ್ಲಿ ಚಾರ್ಜ್ ಸರಸರನೆ ಇಳಿಯುವುದು ಇದಕ್ಕೇ. ಮೂರನೆಯದು ಪರದೆ. ನಕ್ಷೆ ತೆರೆದಿಟ್ಟು ದಾರಿ ನೋಡುತ್ತಾ ಕೂತರೆ ಪರದೆಯ ಖರ್ಚು ಇದೆಲ್ಲಕ್ಕಿಂತ ಮುಂದೆ ಹೋಗುತ್ತದೆ. ಹಾಗಾಗಿ ರಾತ್ರಿಯಿಡೀ ನಕ್ಷೆ ನೋಡುತ್ತಾ ಕೂತ ಅಮ್ಮನ ಫೋನು, ಜೇಬಿನಲ್ಲಿ ಮಲಗಿದ್ದ ಮಗಳ ಫೋನಿಗಿಂತ ಮೊದಲು ಖಾಲಿಯಾದರೆ ಆಶ್ಚರ್ಯವಿಲ್ಲ.

ನಿಮ್ಮ ಫೋನಿನಲ್ಲಿ ಲೆಕ್ಕ ಹೇಗಿದೆ ಎಂದು ನೀವೇ ನೋಡಬಹುದು. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲಿ ಯಾವ ಆ್ಯಪ್ ಎಷ್ಟು ಬಳಸಿತು ಎಂಬ ಪಟ್ಟಿ ಇರುತ್ತದೆ. ಒಂದು ಪ್ರಯಾಣ ಲೈವ್ ಲೊಕೇಶನ್ ಹಾಕಿ, ಇನ್ನೊಂದು ಹಾಕದೆ, ಅದೇ ದಾರಿಯಲ್ಲಿ ಹೋಗಿ ಹೋಲಿಸಿ. ಘಾಟಿ ದಾಟುವ ರಾತ್ರಿ ಪ್ರಯಾಣಕ್ಕೆ ಪವರ್ ಬ್ಯಾಂಕ್ ಇರಲಿ. ಇಡೀ ದಾರಿ ಹಂಚುವುದು ಬೇಡವೆನಿಸಿದರೆ ಹಾಸನ, ಮಂಗಳೂರು ಬಂದಾಗ ಒಮ್ಮೊಮ್ಮೆ ಇದ್ದ ಜಾಗವನ್ನು ಕಳುಹಿಸಿದರೂ ನಡೆಯುತ್ತದೆ, ಅದಕ್ಕೆ ತಗಲುವ ಚಾರ್ಜ್ ಏನೇನೂ ಅಲ್ಲ.

ಎಂಟು ಗಂಟೆ ಎಂದರೆ ಎಂಟೇ ಗಂಟೆ

2017ರಲ್ಲಿ ವಾಟ್ಸ್‌ಆ್ಯಪ್‌ಗೆ ಈ ಸೌಲಭ್ಯ ಬಂದಾಗ ಕೊಟ್ಟ ಆಯ್ಕೆಗಳು ಮೂರು: 15 ನಿಮಿಷ, 1 ಗಂಟೆ, 8 ಗಂಟೆ. ರಾತ್ರಿ ಒಂಬತ್ತಕ್ಕೆ ಒತ್ತಿದ 8 ಗಂಟೆ ಬೆಳಗಿನ ಐದಕ್ಕೆ ಮುಗಿಯುತ್ತದೆ. ಬಸ್ಸು ಕುಂದಾಪುರ ತಲುಪುವುದು ಆರೂವರೆಗೆ. ಕಡೆಯ ಒಂದೂವರೆ ಗಂಟೆ, ಅದೂ ಬಸ್ಸಿನಿಂದ ಇಳಿಯುವ ಹೊತ್ತು, ಅಮ್ಮನಿಗೆ ಏನೂ ಕಾಣುವುದಿಲ್ಲ. ಹಾಸನದಲ್ಲಿ ಎಚ್ಚರವಾದಾಗ ಹೊಸದಾಗಿ ಇನ್ನೊಮ್ಮೆ ಹಾಕಿದರೆ ಮನೆ ಬಾಗಿಲವರೆಗೂ ಸಾಲುತ್ತದೆ.

ಗೂಗಲ್ ಮ್ಯಾಪ್ಸ್‌ನಲ್ಲಿ ನಾವೇ ನಿಲ್ಲಿಸುವವರೆಗೆ ಹಂಚುವ ಆಯ್ಕೆಯಿದೆ. ಅನುಕೂಲವೂ ಹೌದು, ಅಪಾಯವೂ ಹೌದು. ಪ್ರಯಾಣ ಮುಗಿದು ತಿಂಗಳುಗಳಾದರೂ ಹಂಚಿಕೆ ನಡೆಯುತ್ತಲೇ ಇರುತ್ತದೆ. ಅಲ್ಲಿ ಜಾಗದ ಜೊತೆ ನಿಮ್ಮ ಫೋನಿನ ಚಾರ್ಜ್ ಎಷ್ಟಿದೆ ಎಂಬುದೂ ಎದುರಿನವರಿಗೆ ಕಾಣುತ್ತದೆ ಎಂಬುದು ಗೊತ್ತೇ? ರಾತ್ರಿ ಪ್ರಯಾಣದಲ್ಲಿ ಇದು ಉಪಯುಕ್ತ. ಆದರೆ ಚಾರ್ಜ್ ಮುಗಿದಿತ್ತು ಎಂದು ಹೇಳಿ ಒಬ್ಬಂಟಿಯಾಗಿರಲು ಬಯಸುವ ಹಕ್ಕೂ ಮನುಷ್ಯನಿಗಿದೆ.

ಯಾರಿಗೆ ಕಾಣುತ್ತದೆ?

ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುತ್ತದೆ. ಕಳುಹಿಸಿದವರು ಮತ್ತು ಪಡೆದವರ ಹೊರತು ನಡುವೆ ಯಾರಿಗೂ ಓದಲಾಗದು. ಆದರೆ ಪಡೆದವರು ಯಾರು ಎಂಬುದೇ ಮುಖ್ಯ. 'ನಮ್ಮ ಕುಟುಂಬ' ಎಂಬ ಗುಂಪಿಗೆ ಹಾಕಿದರೆ ಆ ಗುಂಪಿನ ನಲವತ್ತು ಜನರಿಗೂ ಅದು ಕಾಣುತ್ತದೆ. ಕಾಯುತ್ತಿರುವ ಒಬ್ಬರಿಗೆ ಮಾತ್ರ ಕಳುಹಿಸಿ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಹಂಚಿಕೆ ಮುಗಿದ ಮೇಲೂ ಚಾಟ್‌ನಲ್ಲಿ ಒಂದು ಪುಟ್ಟ ನಕ್ಷೆ ಉಳಿಯುತ್ತದೆ, ಅದು ನೀವು ಹಂಚಲು ಶುರು ಮಾಡಿದ ಜಾಗವನ್ನು ತೋರಿಸುತ್ತದೆ. ಆಟೋದವರಿಗೋ ಹೊಸ ಪರಿಚಯದವರಿಗೋ ಕಳುಹಿಸುವಾಗ ಹಾಸ್ಟೆಲ್ ಕೋಣೆಯಿಂದ ಶುರು ಮಾಡಿದರೆ ಆ ವಿಳಾಸವನ್ನು ಅವರ ಫೋನಿನಲ್ಲಿ ಬಿಟ್ಟುಬಂದಂತೆ. ಮುಖ್ಯರಸ್ತೆಗೆ ಬಂದ ಮೇಲೆ ಒತ್ತಿ.

ಜಾಗದ ಮಾಹಿತಿ ಎಷ್ಟು ಸೂಕ್ಷ್ಮ ಎಂಬುದಕ್ಕೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕ್ಷಿ. 15 ಲಕ್ಷ ಜನರ ಹೆಸರಿಲ್ಲದ ಮೊಬೈಲ್ ದಾಖಲೆಗಳಲ್ಲಿ, ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ಬರೀ ನಾಲ್ಕು ಬಿಂದುಗಳಿಂದ ಶೇ. 95 ಮಂದಿಯ ದಾಖಲೆಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದಿತ್ತು. ಮನೆ, ಆಫೀಸು, ಮಕ್ಕಳ ಶಾಲೆ, ದೇವಸ್ಥಾನ: ನಾಲ್ಕಾಯಿತು. ಕುಟುಂಬದ ಸುರಕ್ಷತೆಗೆಂದೇ ಹೆಸರಾದ ಅಮೆರಿಕದ ಲೈಫ್360 ಆ್ಯಪ್ ಬಳಕೆದಾರರ ಜಾಗದ ಮಾಹಿತಿಯನ್ನು ದಲ್ಲಾಳಿ ಕಂಪನಿಗಳಿಗೆ ಮಾರುತ್ತಿದ್ದುದನ್ನು 2021ರ ಡಿಸೆಂಬರ್‌ನಲ್ಲಿ ದಿ ಮಾರ್ಕಪ್ ಎಂಬ ಪತ್ರಿಕೆ ಬಯಲಿಗೆಳೆಯಿತು. ಮರುವರ್ಷ ಆ ಕಂಪನಿ ನಿಖರ ಜಾಗದ ಮಾಹಿತಿ ಮಾರುವುದನ್ನು ನಿಲ್ಲಿಸುವುದಾಗಿ ಹೇಳಿತು. ಕುಟುಂಬದ ಆ್ಯಪ್ ಎಂದ ಮಾತ್ರಕ್ಕೆ ಮಾಹಿತಿ ಕುಟುಂಬದಲ್ಲೇ ಉಳಿಯುತ್ತದೆ ಎಂದೇನಿಲ್ಲ.

ಸುಪ್ರೀಂ ಕೋರ್ಟ್ ಏನು ಹೇಳಿದೆ, ಗೊತ್ತೇ?

ಜಾಮೀನಿನ ಮೇಲೆ ಬಿಟ್ಟ ಆರೋಪಿ ತನ್ನ ಜಾಗವನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ತನಿಖಾಧಿಕಾರಿಗೆ ಕಾಣುವಂತೆ ಗುರುತು ಹಾಕಬೇಕು ಎಂಬ ಷರತ್ತನ್ನು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಪ್ರತಿ ಹೆಜ್ಜೆಯನ್ನೂ ಪೊಲೀಸರು ಸದಾ ಗಮನಿಸುವಂಥ ಷರತ್ತು ಖಾಸಗಿತನದ ಹಕ್ಕಿಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಆ ಹಕ್ಕು ಮೂಲಭೂತ ಹಕ್ಕೆಂದು 2017ರಲ್ಲಿ ಸ್ಥಾಪಿತವಾದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರೋಪಿಯ ಬೆನ್ನಿಗೂ ಸದಾ ಕಣ್ಣಿಡಬಾರದು ಎಂದಾದರೆ, ವಯಸ್ಸಿಗೆ ಬಂದ ಮಗಳು, ಹೆಂಡತಿ, ವಯಸ್ಸಾದ ಅಪ್ಪ ಒಪ್ಪದೆ ಅವರ ಬೆನ್ನಿಗೆ ಕಣ್ಣಿಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪ್ರಯಾಣದ ರಾತ್ರಿಗೆ ಕೇಳಿ ಪಡೆಯುವುದು ಬೇರೆ, ದಿನವೂ ಕಾಯುವುದು ಬೇರೆ.

ನಿಮ್ಮ ಫೋನು ಎರಡು ನಿಮಿಷ ಇನ್ನೊಬ್ಬರ ಕೈಗೆ ಸಿಕ್ಕರೆ ಅವರು ನಿಮಗೆ ತಿಳಿಯದಂತೆ ಹಂಚಿಕೆ ಶುರು ಮಾಡಿಬಿಡಬಹುದು. ವಾಟ್ಸ್‌ಆ್ಯಪ್‌ನಲ್ಲಿ Settings, Privacy, Live location ಎಂದು ಹೋದರೆ ಈಗ ಯಾವ ಚಾಟ್‌ಗೆ ಹಂಚಲಾಗುತ್ತಿದೆ ಎಂಬ ಪಟ್ಟಿ ಸಿಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬಲ ಮೂಲೆಯ ನಿಮ್ಮ ಚಿತ್ರ ಮುಟ್ಟಿ Location sharing ತೆರೆಯಿರಿ. ಮನೆಯೊಳಗೇ ಹಿಂಸೆಯಿದ್ದು, ನಿಲ್ಲಿಸಿದ್ದು ಎದುರಿನವರಿಗೆ ಗೊತ್ತಾದರೆ ಅಪಾಯ ಎನಿಸಿದರೆ, ಮೊದಲು 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ ಮಾತಾಡಿ, ಆಮೇಲೆ ನಿಲ್ಲಿಸಿ.

ತಂಗಿಯ ಫೋನಿನಲ್ಲಿ ಆ ಪಟ್ಟಿ ತೆರೆದು ನೋಡಿದಾಗ, ಕಳೆದ ವರ್ಷ ತೀರ್ಥಯಾತ್ರೆಗೆ ಹೋದಾಗ ಶುರು ಮಾಡಿದ ಹಂಚಿಕೆ ಗೂಗಲ್ ಮ್ಯಾಪ್ಸ್‌ನಲ್ಲಿ ಇನ್ನೂ ನಡೆಯುತ್ತಿತ್ತು. ನಿಮ್ಮ ಫೋನಿನ ಆ ಎರಡು ಪಟ್ಟಿಗಳನ್ನು ಇವತ್ತೇ ತೆರೆದು ನೋಡಿ. ಮನೆಯ ಹಿರಿಯರದ್ದನ್ನೂ ಅವರನ್ನು ಕೇಳಿ, ಅವರ ಪಕ್ಕದಲ್ಲೇ ಕೂತು ನೋಡಿಕೊಡಿ.